ಸ್ಟಾರ್, ಹ್ಯಾಶ್ ಉಳಿದುಬಿಟ್ಟ ಚೀಟಿ

ಪ್ರಶ್ನೆ: ನಮ್ಮ ಅಣ್ಣನ ಮಗ ಬೆಂಗಳೂರಾಗ ಇರ್ತಾನ್ರಿ. ಒಣದ್ರಾಕ್ಷಿ ಶೆಡ್ಡಿನ ಕೆಲಸಕ್ಕ ಏನೇನು ಎಷ್ಟೆಷ್ಟು ಬೇಕು ಅಂತ ಬರದು ವಾಟ್ಸಾಪಿಗೆ ಕಳಿಸಿದ. ಓದಾಕ ಹೋದ್ರ ಅಲ್ಲಲ್ಲಿ ಎರಡೆರಡು ಸ್ಟಾರ್, ಸಾಲಿನ ಮುಂದ ಹ್ಯಾಶ್. ಅವನ ಮೊಬೈಲಿನ್ಯಾಗ ನೋಡಿದ್ರ ಎಲ್ಲಾ ಚಂದ ಕಾಣಸ್ತದ, ಅಲ್ಲೂ ಒಂದು ಕಡೆ ಮಾತ್ರ ಸ್ಟಾರ್ ಹಂಗ ಉಳದಾವ. ನನ್ನ ಫೋನಿನ್ಯಾಗ ಫಾಂಟ್ ಇಲ್ಲೇನು? ಕನ್ನಡದಾಗ ಬರದ್ರ ಹಿಂಗ ಆಗ್ತದೇನು?
— ಜೈನಾಪುರದ ಓದುಗರು, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಫೋನಿನಲ್ಲಿ ಫಾಂಟ್ ಇದೆ, ಯಾವುದೂ ಕೆಟ್ಟಿಲ್ಲ. ಫಾಂಟಿನ ಮೇಲೆ ಅನುಮಾನ ಬರುವುದು ಸಹಜವೇ. ನುಡಿ, ಬರಹ ತಂತ್ರಾಂಶಗಳ ಕಾಲದಲ್ಲಿ ಡಿಟಿಪಿ ಅಂಗಡಿಯಿಂದ ತಂದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಮೂರಕ್ಷರ `PÀ£ÀßqÀ` ಎಂದು ಕಾಣುತ್ತಿದ್ದುದನ್ನು ನೋಡಿದವರು ನಾವೆಲ್ಲ. ಆಗ ಕನ್ನಡ ಅಕ್ಷರಗಳಿಗೆ ಕಡತದಲ್ಲಿ ಸ್ವಂತ ಜಾಗವೇ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆದು, ಅವಕ್ಕೆ ಕನ್ನಡದ ರೂಪ ತೊಡಿಸುವ ಕೆಲಸವನ್ನು ಫಾಂಟ್ ಮಾಡುತ್ತಿತ್ತು. ಫಾಂಟ್ ಇಲ್ಲದಿದ್ದರೆ ಬರೆದದ್ದೆಲ್ಲ ಅರ್ಥವಾಗದ ಗೀಚಾಗುತ್ತಿತ್ತು. ಈಗ ಯೂನಿಕೋಡ್ ಇದೆ. ನಿಮಗೆ ಬಂದ ಚೀಟಿಯಲ್ಲಿ ಕನ್ನಡವೆಲ್ಲ ಸರಿಯಾಗಿಯೇ ಓದಲು ಬಂತು, ಅದರ ನಡುವೆ ಸ್ಟಾರ್ ಮತ್ತು ಹ್ಯಾಶ್ ಹೆಚ್ಚುವರಿಯಾಗಿ ಕಂಡವು, ಅಷ್ಟೇ. ಅವು ಕೆಟ್ಟ ಅಕ್ಷರಗಳೂ ಅಲ್ಲ. ನಿಮ್ಮ ಅಣ್ಣನ ಮಗನ ಬರಹದಲ್ಲಿ ಅವು ನಿಜವಾಗಿಯೂ ಇವೆ. ಅವನ ಪರದೆ ಅವುಗಳನ್ನು ಓದಿ ಮರೆಮಾಡಿತು, ನಿಮ್ಮದು ಇದ್ದದ್ದನ್ನು ಇದ್ದ ಹಾಗೆ ತೋರಿಸಿತು.

ಅವನು ಬರೆದದ್ದು ಮಾರ್ಕ್‌ಡೌನ್ ಎಂಬ ಪದ್ಧತಿಯಲ್ಲಿ. ಟಿಪ್ಪಣಿ ಬರೆಯುವ ಬಹಳಷ್ಟು ಆ್ಯಪ್‌ಗಳು, ಸಾಫ್ಟ್‌ವೇರ್ ಕೆಲಸದವರು ದಿನವೂ ಬಳಸುವ ತಾಣಗಳು ಇದರಲ್ಲೇ ನಡೆಯುತ್ತವೆ. ಅವನ ಆ್ಯಪ್‌ನ ಒಳಗಿರುವ ಚೀಟಿ ಹೆಚ್ಚುಕಡಿಮೆ ಹೀಗಿರುತ್ತದೆ:

```
## ಶೆಡ್ ಕೆಲಸ

**ದ್ರಾವಣ:** 100 ಲೀಟರ್ ನೀರಿಗೆ

* ಪೊಟ್ಯಾಸಿಯಂ ಕಾರ್ಬೋನೇಟ್ **2.5 ಕೆಜಿ**
* ಡಿಪ್ಪಿಂಗ್ ಆಯಿಲ್ **1.5 ಲೀಟರ್**

ಮಾಲು **ಜೈನಾಪುರ (ಬಬಲೇಶ್ವರ)**ದಿಂದ ಬರುತ್ತದೆ.

ಶೆಡ್ ಅಳತೆ 100*25*8 ಅಡಿ
```

ಸಾಲಿನ ಮೊದಲಲ್ಲಿ ಹ್ಯಾಶ್ ಬಂದರೆ ಅದು ಶೀರ್ಷಿಕೆ. ಒಂದು ಹ್ಯಾಶ್ ಎಂದರೆ ದೊಡ್ಡ ಶೀರ್ಷಿಕೆ, ಎರಡು ಎಂದರೆ ಅದಕ್ಕಿಂತ ಚಿಕ್ಕದು, ಹೀಗೆ ಆರರವರೆಗೆ ಹೋಗುತ್ತದೆ. ಮಾತಿನ ಹಿಂದೆ ಮುಂದೆ ಎರಡೆರಡು ಸ್ಟಾರ್ ಇದ್ದರೆ ದಪ್ಪಕ್ಷರ, ಒಂದೊಂದೇ ಇದ್ದರೆ ಓರೆ ಅಕ್ಷರ. ಸಾಲಿನ ಮೊದಲಲ್ಲಿ ಒಂದು ಸ್ಟಾರ್ ಹಾಕಿ ಜಾಗ ಬಿಟ್ಟರೆ ಅದು ಪಟ್ಟಿಯ ಬೊಟ್ಟು. ಕಡತದಲ್ಲಿ ದಪ್ಪ, ಓರೆ ಎಂಬುದೇ ಇಲ್ಲ. ಇರುವುದು ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳು ಮಾತ್ರ. ಆ್ಯಪ್‌ನೊಳಗೆ ಕೂತಿರುವ ಒಂದು ಚಿಕ್ಕ ಪ್ರೋಗ್ರಾಂ ಇದನ್ನು ಸಾಲು ಸಾಲಾಗಿ ಓದುತ್ತದೆ. `**2.5 ಕೆಜಿ**` ಕಂಡಾಗ ಅದನ್ನು `<strong>2.5 ಕೆಜಿ</strong>` ಎಂದು ಬದಲಿಸಿ ಪರದೆಗೆ ಒಪ್ಪಿಸುತ್ತದೆ, ಪರದೆ ಅದನ್ನು ದಪ್ಪವಾಗಿ ಬಿಡಿಸುತ್ತದೆ. ನಡುವಿನ ಈ ಪ್ರೋಗ್ರಾಂ ಇಲ್ಲದ ಕಡೆ ಸ್ಟಾರ್ ಸ್ಟಾರಾಗಿಯೇ ಉಳಿಯುತ್ತದೆ. ಕಂಪ್ಯೂಟರಿಗೆ ಅದು 42ನೆಯ ಸಂಖ್ಯೆಯ ಅಕ್ಷರ, ಹ್ಯಾಶ್ 35ನೆಯದು. ‘ಕ’ ಹೇಗೆ ಒಂದು ಅಕ್ಷರವೋ ಇವೂ ಹಾಗೆಯೇ. ಇವುಗಳನ್ನು ಗುಟ್ಟಾಗಿಡಬೇಕೆಂದು ಪರದೆಗೆ ಯಾರೂ ಹೇಳಿರುವುದಿಲ್ಲ.

ಗುರುತುಗಳು ಕಣ್ಣಿಗೆ ಬಿದ್ದರೂ ಓದಲು ಅಡ್ಡಿಯಾಗದಂತೆ ಇರಬೇಕು ಎಂಬುದು ಈ ಪದ್ಧತಿ ಕಟ್ಟಿದವರ ಉದ್ದೇಶವೇ ಆಗಿತ್ತು. 2004ರಲ್ಲಿ ಅಮೆರಿಕದ ಜಾನ್ ಗ್ರೂಬರ್ ಮಾರ್ಕ್‌ಡೌನ್ ಹೊರತಂದರು, ಅದರ ರೂಪುರೇಷೆಗೆ ಆರನ್ ಸ್ವಾರ್ಟ್ಜ್ ನೆರವಾಗಿದ್ದರು. ಬರೀ ಅಕ್ಷರಗಳಷ್ಟೇ ಹೋಗುತ್ತಿದ್ದ ಇಮೇಲ್‌ಗಳಲ್ಲಿ ಒತ್ತು ಕೊಡಬೇಕಾದ ಮಾತಿನ ಆಚೀಚೆ ಜನ ಆಗಲೇ ಸ್ಟಾರ್ ಹಾಕುತ್ತಿದ್ದರು. ಆ ರೂಢಿಯನ್ನೇ ಗ್ರೂಬರ್ ನಿಯಮ ಮಾಡಿದರು. ಶೀರ್ಷಿಕೆಗೆ ಹ್ಯಾಶ್ ಬಂದದ್ದು ಸ್ವಾರ್ಟ್ಜ್ 2002ರಲ್ಲಿ ರೂಪಿಸಿದ್ದ ಎಟಿಎಕ್ಸ್ ಎಂಬ ಪದ್ಧತಿಯಿಂದ. ಪ್ರೋಗ್ರಾಂ ಇರಲಿ ಬಿಡಲಿ, ಬರೆದದ್ದು ಹಾಗೇ ಓದಿಸಿಕೊಳ್ಳಬೇಕು ಎಂಬುದು ಗ್ರೂಬರ್ ಇಟ್ಟುಕೊಂಡ ಗುರಿ. ಮೇಲಿನ ಚೀಟಿಯನ್ನೇ ನಿಮ್ಮ ಅಣ್ಣನ ಮಗ ಎಚ್‌ಟಿಎಂಎಲ್‌ನಲ್ಲಿ ಬರೆದಿದ್ದರೆ ನಿಮ್ಮ ವಾಟ್ಸಾಪಿನಲ್ಲಿ ಪ್ರತಿ ಮಾತಿಗೂ `<strong>` ಎಂಬ ಕೋನ ಕಂಸಗಳು ಬಂದು ಬೀಳುತ್ತಿದ್ದವು, ಎಷ್ಟು ಕೆಜಿ ಎಂದು ಹುಡುಕಿ ತೆಗೆಯಬೇಕಾಗುತ್ತಿತ್ತು. ಆ ಲೆಕ್ಕದಲ್ಲಿ ನಿಮ್ಮ ಚೀಟಿ ಕೆಟ್ಟರೂ ಓದಲು ಸಿಕ್ಕಿತು.

ಹಾಗಾದರೆ ವಾಟ್ಸಾಪಿನಲ್ಲೂ ದಪ್ಪಕ್ಷರ ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ವಾಟ್ಸಾಪಿನ ಗುರುತುಗಳು ಮಾರ್ಕ್‌ಡೌನಿನವಲ್ಲ. ಅಲ್ಲಿ ದಪ್ಪಕ್ಕೆ ಒಂದೇ ಸ್ಟಾರ್, ಓರೆಗೆ ಅಡಿಗೆರೆ. ಎರಡು ಸ್ಟಾರ್ ಎಂಬ ಗುರುತು ಅದಕ್ಕೆ ಗೊತ್ತಿಲ್ಲದ್ದರಿಂದ ಸ್ಟಾರ್ ಪರದೆಯ ಮೇಲೆ ಉಳಿದುಬಿಡುತ್ತದೆ. ಶೀರ್ಷಿಕೆ ಎಂಬುದೇ ವಾಟ್ಸಾಪಿನಲ್ಲಿ ಇಲ್ಲದಿರುವಾಗ ಹ್ಯಾಶ್‌ಗೆ ಅಲ್ಲಿ ಕೆಲಸವಿಲ್ಲ. ಪಟ್ಟಿಯ ಬೊಟ್ಟನ್ನು ಮಾತ್ರ ಅದು 2024ರಿಂದ ಗುರುತಿಸುತ್ತಿದೆ. ನಿಮ್ಮ ಚೀಟಿಯಲ್ಲಿ ಬೊಟ್ಟಿನ ಸಾಲುಗಳು ಸರಿಯಾಗಿ ಕಂಡು, ಅದೇ ಸಾಲಿನ ‘2.5 ಕೆಜಿ’ಯ ಆಚೀಚೆ ಸ್ಟಾರ್ ಉಳಿದಿದ್ದರೆ ಕಾರಣ ಇದೇ.

ಒಂದೇ ಗುರುತಿಗೆ ಒಂದೊಂದು ಕಡೆ ಒಂದೊಂದು ಅರ್ಥ ಇರುವುದು ಕನ್ನಡ ವಿಕಿಪೀಡಿಯದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. 2003ರಲ್ಲಿ, ಮಾರ್ಕ್‌ಡೌನಿಗಿಂತ ಮೊದಲೇ ಶುರುವಾದ ಅದಕ್ಕೆ ತನ್ನದೇ ಗುರುತುಗಳಿವೆ. ಅಲ್ಲಿ ದಪ್ಪಕ್ಕೆ ಮೂರು ಒಂಟಿ ಉದ್ಧರಣ ಚಿಹ್ನೆ, ಶೀರ್ಷಿಕೆಗೆ ಎರಡೆರಡು ಸಮ ಚಿಹ್ನೆ. ಈ ಚೀಟಿಯನ್ನು ಅಲ್ಲಿನ ಸಂಪಾದನೆ ಪುಟಕ್ಕೆ ಅಂಟಿಸಿದರೆ `## ಶೆಡ್ ಕೆಲಸ` ಶೀರ್ಷಿಕೆಯಾಗುವುದಿಲ್ಲ, ಹ್ಯಾಶ್ ಆಗಿಯೂ ಉಳಿಯುವುದಿಲ್ಲ. ಹ್ಯಾಶ್‌ಗಳು ಮಾಯವಾಗಿ ‘1’ ಎಂಬ ಅಂಕಿ ಹೊತ್ತ ಒಳಪಟ್ಟಿಯ ಸಾಲಾಗುತ್ತದೆ, ಏಕೆಂದರೆ ಅಲ್ಲಿ ಸಾಲಿನ ಮೊದಲ ಹ್ಯಾಶ್ ಎಂದರೆ ಅಂಕಿ ಹಾಕಿದ ಪಟ್ಟಿ. `**ದ್ರಾವಣ:**` ಸಾಲಿನ ಮೊದಲಲ್ಲೇ ಇರುವುದರಿಂದ ಅದರ ಮೊದಲೆರಡು ಸ್ಟಾರ್ ಒಳಬೊಟ್ಟಾಗುತ್ತವೆ, ಕೊನೆಯೆರಡು ಬಯಲಿಗೆ ಬೀಳುತ್ತವೆ. ವಿಜಯಪುರ ಜಿಲ್ಲೆಯ ಹಳ್ಳಿಗಳ ಲೇಖನಗಳಿಗೆ ಹೊರಗಿನಿಂದ ಬರಹ ತಂದು ಹಾಕುವವರು ಈ ಒಂದು ಸಂಗತಿ ತಿಳಿದಿದ್ದರೆ ಒಳ್ಳೆಯದು. ಒಂದು ಬದಿಗೆ ಮಾತ್ರ ಸ್ಟಾರ್ ಉಳಿದಿದ್ದರೆ ಆ ಬರಹ ಬೇರೆ ಪದ್ಧತಿಯಿಂದ ಬಂದಿದೆಯೆಂದು ಅನುಮಾನಿಸಬಹುದು.

ಇನ್ನು ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಭಾಗ. ಅವನ ಮೊಬೈಲಿನಲ್ಲೂ ಒಂದು ಕಡೆ ಸ್ಟಾರ್ ಉಳಿದಿತ್ತು ಎಂದಿರಿ. ಮಾರ್ಕ್‌ಡೌನ್ ತಿಳಿದ ಆ್ಯಪ್ ಅದು. ಬೇರೆಲ್ಲವನ್ನೂ ಸರಿಯಾಗಿ ತೋರಿಸಿ ಒಂದೇ ಕಡೆ ಯಾಕೆ ಸೋತಿತು? ಕನ್ನಡದಲ್ಲಿ ಬರೆದದ್ದಕ್ಕೇ ಹೀಗಾಯಿತೇ ಎಂಬ ನಿಮ್ಮ ಅನುಮಾನದಲ್ಲಿ ಇಲ್ಲಿ ಮಾತ್ರ ಹುರುಳಿದೆ. ನನ್ನ ಲೆಕ್ಕದಲ್ಲಿ ಉಳಿದದ್ದು ಈ ಸಾಲಿನ ಸ್ಟಾರ್:

```
ಮಾಲು **ಜೈನಾಪುರ (ಬಬಲೇಶ್ವರ)**ದಿಂದ ಬರುತ್ತದೆ.
```

ತೆರೆಯುವ ಗುರುತು, ಮುಚ್ಚುವ ಗುರುತು ಎರಡೂ ಒಂದೇ ತರಹದ ಜೋಡಿ ಸ್ಟಾರ್. ಕಂಸದಲ್ಲಾದರೆ ತೆರೆಯುವುದಕ್ಕೂ ಮುಚ್ಚುವುದಕ್ಕೂ ಬೇರೆ ಬೇರೆ ಆಕಾರ ಇರುತ್ತದೆ, ಇಲ್ಲಿ ಹಾಗಿಲ್ಲ. ಯಾವುದು ತೆರೆಯುವುದು, ಯಾವುದು ಮುಚ್ಚುವುದು ಎಂದು ಪ್ರೋಗ್ರಾಂ ಊಹಿಸಬೇಕು. ಗ್ರೂಬರ್ 2004ರಲ್ಲಿ ಬರೆದ ವಿವರಣೆ ಇಂಥ ಸಂದಿಗ್ಧಗಳನ್ನೆಲ್ಲ ಬಿಡಿಸಿರಲಿಲ್ಲ, ಒಂದೊಂದು ಪ್ರೋಗ್ರಾಂ ಒಂದೊಂದು ರೀತಿ ಊಹಿಸುತ್ತಿತ್ತು. ಈ ಗೊಂದಲ ತೀರಿಸಲು ಜಾನ್ ಮ್ಯಾಕ್‌ಫಾರ್ಲೇನ್, ಜೆಫ್ ಆಟ್‌ವುಡ್ ಮೊದಲಾದವರು 2014ರಲ್ಲಿ ಕಾಮನ್‌ಮಾರ್ಕ್ ಎಂಬ ಬಿಗಿಯಾದ ನಿಯಮಾವಳಿ ತಂದರು. ಇವತ್ತಿನ ಬಹಳಷ್ಟು ಆ್ಯಪ್‌ಗಳು ಅದನ್ನೇ ಅನುಸರಿಸುತ್ತವೆ.

ಅದರ ನಿಯಮ ಸರಳವಾಗಿ ಹೇಳಿದರೆ ಹೀಗೆ. ಪ್ರೋಗ್ರಾಂ ಜೋಡಿ ಸ್ಟಾರಿನ ಹಿಂದಿನ ಒಂದು ಅಕ್ಷರ, ಮುಂದಿನ ಒಂದು ಅಕ್ಷರ ನೋಡುತ್ತದೆ. ಒಂದು ಬದಿಗೆ ಖಾಲಿ ಜಾಗ ಇದ್ದರೆ ಸ್ಟಾರ್ ಇನ್ನೊಂದು ಬದಿಗೆ ಸೇರಿದ್ದು. ಹಿಂದೆ ಜಾಗ, ಮುಂದೆ ಅಕ್ಷರ ಎಂದರೆ ತೆರೆಯುವುದು. ಹಿಂದೆ ಅಕ್ಷರ, ಮುಂದೆ ಜಾಗ ಎಂದರೆ ಮುಚ್ಚುವುದು. ಒಂದು ಬದಿಗೆ ಕಂಸ, ಉದ್ಧರಣ ಚಿಹ್ನೆ, ಚುಕ್ಕೆಯಂಥ ವಿರಾಮ ಚಿಹ್ನೆ ಇದ್ದು ಇನ್ನೊಂದು ಬದಿಗೆ ಅಕ್ಷರ ಇದ್ದರೆ, ಸ್ಟಾರ್ ಅಕ್ಷರದ ಕಡೆಗೆ ವಾಲುತ್ತದೆ. ಈಗ ನಮ್ಮ ಸಾಲಿನ ಎರಡನೆಯ ಜೋಡಿ ನೋಡಿ. ಹಿಂದೆ `)` ಇದೆ, ಮುಂದೆ ‘ದ’ ಇದೆ. ನಿಯಮದ ಪ್ರಕಾರ ಅದು ‘ದಿಂದ’ ಎಂಬುದರ ಕಡೆ ವಾಲಿ, ಹೊಸದಾಗಿ ತೆರೆಯುವ ಗುರುತು ಎನಿಸಿಕೊಂಡಿತು. ಸಾಲಿನಲ್ಲಿ ತೆರೆಯುವ ಗುರುತು ಎರಡಾದವು, ಮುಚ್ಚುವುದು ಒಂದೂ ಸಿಗಲಿಲ್ಲ. ಜೊತೆ ಸಿಗದ ಸ್ಟಾರನ್ನು ಬರಿಯ ಸ್ಟಾರ್ ಎಂದೇ ತೋರಿಸಬೇಕು ಎಂಬುದೂ ನಿಯಮವೇ. ಹಾಗಾಗಿ ನಾಲ್ಕೂ ಪರದೆಗೆ ಬಂದವು.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಂದರೆ ಅಪರೂಪ. ಅವರ ‘ಇಂದ’, ‘ಗೆ’, ‘ಅಲ್ಲಿ’ಗಳು ಬೇರೆ ಪದಗಳಾಗಿ ಜಾಗ ಬಿಟ್ಟು ನಿಲ್ಲುತ್ತವೆ. ನಮ್ಮ ವಿಭಕ್ತಿ ಪ್ರತ್ಯಯಗಳು ಹೆಸರಿಗೆ ಅಂಟಿಕೊಂಡೇ ಬರುತ್ತವೆ. ಪದಗಳ ನಡುವೆ ಜಾಗವನ್ನೇ ಬಿಡದ ಚೀನೀ, ಜಪಾನೀ ಭಾಷೆಗಳವರೂ ಈ ನಿಯಮದ ಬಗ್ಗೆ ಬಹಳ ದಿನಗಳಿಂದ ದೂರುತ್ತಿದ್ದಾರೆ. ಹಾಗೆಂದು ಕನ್ನಡದಲ್ಲಿ ಪ್ರತ್ಯಯ ಅಂಟಿದಾಗಲೆಲ್ಲ ಕೆಡುತ್ತದೆ ಎಂದಲ್ಲ. `**ಜೈನಾಪುರ**ದಿಂದ` ಎಂದು ಕಂಸವಿಲ್ಲದೆ ಬರೆದರೆ ಸ್ಟಾರಿನ ಎರಡು ಬದಿಗೂ ಅಕ್ಷರವೇ ಇರುತ್ತದೆ. ಆಗ ಅದು ತೆರೆಯಲೂಬಹುದು, ಮುಚ್ಚಲೂಬಹುದು, ಕೆಲಸ ಸರಾಗವಾಗಿ ಆಗುತ್ತದೆ. ಕೆಡುವುದು ಪ್ರತ್ಯಯಕ್ಕೂ ದಪ್ಪ ಮಾತಿಗೂ ನಡುವೆ ಕಂಸವೋ ಉದ್ಧರಣ ಚಿಹ್ನೆಯೋ ಸಿಕ್ಕಿಕೊಂಡಾಗ. `**"ಸೊನಾಕಾ"**ವನ್ನು` ಎಂದು ದ್ರಾಕ್ಷಿ ತಳಿಯ ಹೆಸರು ಬರೆದರೂ ಇದೇ ಗತಿ. ಸ್ಟಾರಿನ ಬದಲು ಅಡಿಗೆರೆ ಬಳಸಿ `__ಸೊನಾಕಾ__ವನ್ನು` ಎಂದು ಬರೆದರೆ ಉದ್ಧರಣ ಚಿಹ್ನೆ ಇಲ್ಲದಿದ್ದರೂ ಆಗುವುದಿಲ್ಲ, ಏಕೆಂದರೆ ಪದದ ನಡುವೆ ಬರುವ ಅಡಿಗೆರೆಯನ್ನು ಕಾಮನ್‌ಮಾರ್ಕ್ ಒತ್ತಿನ ಗುರುತೆಂದು ಒಪ್ಪುವುದಿಲ್ಲ. ಕಡತಗಳ ಹೆಸರಿನಲ್ಲಿ ಅಡಿಗೆರೆ ಸುಮ್ಮನೆ ಬರುತ್ತಿರುತ್ತದೆ, ಅವೆಲ್ಲ ಓರೆಯಾಗಬಾರದು ಎಂಬ ಮುನ್ನೆಚ್ಚರಿಕೆ ಅದು.

ಸರಿಪಡಿಸುವುದು ಕಷ್ಟವಲ್ಲ. ಪ್ರತ್ಯಯವನ್ನೂ ಸ್ಟಾರಿನ ಒಳಗೆ ತೆಗೆದುಕೊಂಡರೆ ಆಯಿತು:

```
ಮಾಲು **ಜೈನಾಪುರದಿಂದ** (ಬಬಲೇಶ್ವರ) ಬರುತ್ತದೆ.
```

ಕನ್ನಡದ ಕಣ್ಣಿಗೂ ಇದೇ ಚಂದ. ಅರ್ಧ ಪದ ದಪ್ಪ, ಅರ್ಧ ತೆಳುವಾಗಿ ಅಚ್ಚಾದರೆ ಓದು ತಡೆಯುತ್ತದೆ. ಪ್ರತ್ಯಯವನ್ನು ಹೊರಗಿಡುವ ಹಟಕ್ಕೆ ಬಿದ್ದವರು ಕೆಲವೊಮ್ಮೆ `**ನೀರ**ಿಗೆ` ಎಂದು ಗುಣಿತದ ಗುಡಿಸನ್ನೇ ಕತ್ತರಿಸಿಬಿಡುತ್ತಾರೆ. ಆ ಗುಡಿಸು ಕೂರಲು ವ್ಯಂಜನ ಸಿಗದೆ, ಸ್ಟಾರಿನ ಪಕ್ಕದಲ್ಲಿ ಚುಕ್ಕೆಗಳ ಒಂದು ವೃತ್ತದ ಮೇಲೆ ತೂಗಾಡುತ್ತದೆ. ಅಂಥ ವೃತ್ತ ಕಂಡರೆ ಅದೂ ಫಾಂಟಿನ ದೋಷವಲ್ಲ, ಕತ್ತರಿ ಬಿದ್ದ ಜಾಗ ತಪ್ಪು.

ಸ್ಟಾರ್ ಉಳಿದರೆ ಕಣ್ಣಿಗೆ ಕಿರಿಕಿರಿ ಅಷ್ಟೇ, ಲೆಕ್ಕ ತಪ್ಪುವುದಿಲ್ಲ. ಸ್ಟಾರ್ ಮಾಯವಾದಾಗ ನಿಜವಾದ ಅಪಾಯ ಇದೆ, ಅದನ್ನು ನೀವು ಕೇಳದಿದ್ದರೂ ಹೇಳಲೇಬೇಕು. ಚೀಟಿಯ ಕೊನೆಯ ಸಾಲು ನೋಡಿ: `100*25*8`. ಅವನು ಗುಣಾಕಾರಕ್ಕೆಂದು ಸ್ಟಾರ್ ಹಾಕಿದ. ಪ್ರೋಗ್ರಾಂ ಅದನ್ನು ‘25’ ಎಂಬುದನ್ನು ಓರೆ ಮಾಡು ಎಂದು ತಿಳಿದುಕೊಂಡು ಎರಡೂ ಸ್ಟಾರ್ ನುಂಗಿತು. ಅವನ ಪರದೆಯಲ್ಲಿ ಶೆಡ್ಡಿನ ಅಳತೆ ‘100258 ಅಡಿ’ ಎಂದಾಯಿತು, ನಡುವಿನ ಎರಡಂಕಿ ಕೊಂಚ ವಾಲಿಕೊಂಡಿವೆ, ಅಷ್ಟೇ ವ್ಯತ್ಯಾಸ. ಅಳತೆಯಲ್ಲಾದರೆ ಇಷ್ಟು ದೊಡ್ಡ ಸಂಖ್ಯೆ ನಗೆಪಾಟಲಾಗಿ ಸಿಕ್ಕಿಬೀಳುತ್ತದೆ. `2*5*3` ಎಂಬ ಪ್ರಮಾಣ ‘253’ ಆದರೆ ಯಾರಿಗೂ ಅನುಮಾನ ಬಾರದಿರಬಹುದು. ಸ್ಟಾರಿನ ಎರಡೂ ಬದಿಗೆ ಜಾಗ ಬಿಟ್ಟು `100 * 25 * 8` ಎಂದು ಬರೆದರೆ ಅದು ಯಾವ ಕಡೆಗೂ ಸೇರದೆ ಸ್ಟಾರಾಗಿಯೇ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯದು ನಿಜವಾದ ಗುಣಾಕಾರ ಚಿಹ್ನೆ `×`. ಮೊಬೈಲ್ ಕೀಲಿಮಣೆಯ ಚಿಹ್ನೆಗಳ ಪುಟದಲ್ಲಿ ಅದು ಸಿಗುತ್ತದೆ. ಸ್ಟಾರನ್ನೇ ಹಾಕಬೇಕಾದರೆ ಅದರ ಹಿಂದೆ ಒಂದು ಹಿಂಗೆರೆ ಸೇರಿಸಿ `100\*25\*8` ಎಂದರೆ ಮಾರ್ಕ್‌ಡೌನ್ ಅದನ್ನು ಮುಟ್ಟುವುದಿಲ್ಲ. ಆದರೆ ಆ ಬರಹ ವಾಟ್ಸಾಪಿಗೆ ಹೋದರೆ ಹಿಂಗೆರೆಯೂ ಕಾಣುತ್ತದೆ.

ನಿಮ್ಮ ಅಣ್ಣನ ಮಗನಿಗೆ ಹೇಳಬೇಕಾದ್ದು ಇಷ್ಟು. ಬರೆಯುವ ನೋಟದಿಂದ ನಕಲು ಮಾಡಬೇಡ, ಗುಣಾಕಾರದ ಸ್ಟಾರನ್ನು `×` ಮಾಡಿಕೊಂಡು, ಓದುವ ನೋಟಕ್ಕೆ ಹೋಗಿ ಅಲ್ಲಿಂದ ನಕಲು ಮಾಡು. ಓದುವ ನೋಟದಲ್ಲಿ ಗುರುತುಗಳು ಆಗಲೇ ಕರಗಿರುತ್ತವೆ. ವಾಟ್ಸಾಪಿಗೆ ಅಂಟಿಸಿದಾಗ ಸಾಮಾನ್ಯವಾಗಿ ದಪ್ಪವೂ ಹೋಗುತ್ತದೆ, ಸ್ಟಾರೂ ಹೋಗುತ್ತದೆ, ಬರೀ ಮಾತು ಉಳಿಯುತ್ತದೆ. ದಪ್ಪ ಬೇಕೇ ಬೇಕು ಎಂದರೆ ಎರಡು ಸ್ಟಾರ್ ಇರುವ ಕಡೆ ಒಂದು ಮಾಡಬೇಕು, ಹ್ಯಾಶ್ ತೆಗೆದು ಆ ಶೀರ್ಷಿಕೆಗೂ ಒಂದೊಂದು ಸ್ಟಾರ್ ಕೊಡಬೇಕು. ಎಸ್ಸೆಮ್ಮೆಸ್ ಆದರೆ ಯಾವ ಗುರುತೂ ನಡೆಯುವುದಿಲ್ಲ, ಜೊತೆಗೆ ಗುರುತು ಜಾಗವನ್ನೂ ತಿನ್ನುತ್ತದೆ. ಕನ್ನಡದ ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸುವುದು 70 ಅಕ್ಷರ, ಗುಣಿತ ಒತ್ತುಗಳೂ ಆ ಲೆಕ್ಕದಲ್ಲೇ ಬರುತ್ತವೆ. ಒಂದು ಮಾತಿಗೆ ದಪ್ಪ ಕೊಡಲು ನಾಲ್ಕು ಸ್ಟಾರ್ ಹಾಕಿದರೆ ಎಪ್ಪತ್ತರಲ್ಲಿ ನಾಲ್ಕು ಹೋಯಿತು. ತಿಕೋಟಾದಲ್ಲೋ ವಿಜಯಪುರದಲ್ಲೋ ಬ್ಯಾನರ್ ಅಚ್ಚು ಹಾಕಿಸಲು ಇದೇ ಬರಹ ಕೊಡುವುದಾದರೆ ಮೊದಲೇ ಸ್ವಚ್ಛ ಮಾಡಿ ಕೊಡಿ. ಅಂಗಡಿಯವರ ಕೋರಲ್‌ಡ್ರಾಗೆ ಮಾರ್ಕ್‌ಡೌನ್ ಗೊತ್ತಿಲ್ಲ, ಕೊಟ್ಟ ಸ್ಟಾರನ್ನು ಕೊಟ್ಟಷ್ಟೇ ದೊಡ್ಡದಾಗಿ ಅಚ್ಚು ಹಾಕುತ್ತದೆ.

ಸ್ವಚ್ಛ ಮಾಡುವಾಗ ಒಂದು ಅವಸರ ಬೇಡ. ಎಲ್ಲ `*` ಹುಡುಕಿ ಖಾಲಿ ಮಾಡು ಎಂದು ಒಂದೇ ಏಟಿಗೆ ಆಜ್ಞೆ ಕೊಟ್ಟರೆ ಗುಣಾಕಾರದ ಸ್ಟಾರ್‌ಗಳೂ ಹೋಗಿ ಮತ್ತೆ ‘100258’ ಬರುತ್ತದೆ, ಈ ಸಲ ಓರೆಯಾಗಿಯೂ ಇರುವುದಿಲ್ಲ. ಮೊದಲು ಅಂಕಿಗಳ ನಡುವಿನ ಸ್ಟಾರನ್ನು `×` ಮಾಡಿಕೊಳ್ಳಿ, ಆಮೇಲೆ ಜೋಡಿ ಸ್ಟಾರ್ ತೆಗೆಯಿರಿ, ಕೊನೆಗೆ ಸಾಲಿನ ಮೊದಲ ಹ್ಯಾಶ್. ಈಗ ನಿಮ್ಮ ಕೈಯಲ್ಲಿರುವ ಚೀಟಿಯ ಮಟ್ಟಿಗೆ ಒಂದು ಮಾತು: ವಾಟ್ಸಾಪಿಗೆ ಬಂದ, ಸ್ಟಾರ್ ತುಂಬಿದ ಆ ಪ್ರತಿಯನ್ನು ಅಳಿಸಬೇಡಿ. ಪೊಟ್ಯಾಸಿಯಂ ಕಾರ್ಬೋನೇಟ್ ತೂಗುವ ಮುನ್ನ, ಶೆಡ್ಡಿನ ಅಳತೆಗೆ ಬಲೆ ತರಿಸುವ ಮುನ್ನ, ಅಂಕಿಗಳನ್ನು ಅದರೊಂದಿಗೇ ತಾಳೆ ನೋಡಿ. ಅವನು ಏನು ಟೈಪು ಮಾಡಿದನೋ ಅದಷ್ಟೂ ಇರುವುದು ಆ ಪ್ರತಿಯಲ್ಲಿ.